ಆಸ್ಕಾಟ್‌ನಲ್ಲಿ ಏಳಕ್ಕೆ ಏಳು: ಬುಕ್ಕಿಗಳು ಸೋತ ದಿನದ ಲೆಕ್ಕ

1996ರ ಸೆಪ್ಟೆಂಬರ್ 28, ಶನಿವಾರ. ಲಂಡನ್ನಿನ ಪಶ್ಚಿಮಕ್ಕಿರುವ ಆಸ್ಕಾಟ್ ರೇಸ್‌ಕೋರ್ಸಿನಲ್ಲಿ ಅಂದು ಏಳು ರೇಸುಗಳಿದ್ದವು. ಇಟಲಿ ಮೂಲದ ಜಾಕಿ ಫ್ರಾಂಕಿ ಡೆಟ್ಟೋರಿ ಏಳರಲ್ಲೂ ಕುದುರೆ ಹತ್ತಿದ್ದರು, ಏಳರಲ್ಲೂ ಗೆದ್ದರು. ಏಳು ರೇಸಿನ ಕಾರ್ಡನ್ನು ಒಬ್ಬನೇ ಜಾಕಿ ಪೂರ್ತಿ ಗೆದ್ದದ್ದು ಬ್ರಿಟನ್ನಿನಲ್ಲಿ ಅದೇ ಮೊದಲು. ಆ ಸಂಜೆ ಬ್ರಿಟಿಷ್ ಬುಕ್ಕಿಗಳು ಕಳೆದುಕೊಂಡ ಹಣ 3 ಕೋಟಿ ಪೌಂಡ್ ದಾಟಿತೆಂದು ಅಂದಾಜು.

ಅಷ್ಟು ಹಣ ಹೋದದ್ದು ಒಂದೊಂದು ರೇಸಿಗೆ ಬಿಡಿಯಾಗಿ ಕಟ್ಟಿದ ಬಾಜಿಗಳಿಂದಲ್ಲ. ‘ಇವತ್ತು ಡೆಟ್ಟೋರಿ ಹತ್ತಿದ ಕುದುರೆಗಳೆಲ್ಲ ಗೆಲ್ಲುತ್ತವೆ’ ಎಂದು ಒಂದೇ ಚೀಟಿಯಲ್ಲಿ ಬರೆದುಕೊಟ್ಟ ಸಾವಿರಾರು ಸಣ್ಣ ಬಾಜಿಗಳಿಂದ. ಇಂಥ ಜೋಡಣೆಯ ಬಾಜಿಯನ್ನು ಇಂಗ್ಲೆಂಡಿನಲ್ಲಿ ಅಕ್ಯುಮುಲೇಟರ್ ಎನ್ನುತ್ತಾರೆ, ಅಮೆರಿಕದಲ್ಲಿ ಪಾರ್ಲೆ. ಬುಕ್ಕಿಗಳಿಗೆ ಅತಿ ಹೆಚ್ಚು ಲಾಭ ಕೊಡುವ ಬಾಜಿಯೂ ಇದೇ. ಅವರು ಅತಿ ಕೆಟ್ಟದಾಗಿ ಸೋತ ದಿನವನ್ನು ಬಿಡಿಸಿ ನೋಡಿದರೆ ಆ ಲಾಭ ಎಲ್ಲಿಂದ ಹುಟ್ಟುತ್ತದೆ ಎಂಬುದೂ ಗೊತ್ತಾಗುತ್ತದೆ.

ಚೀಟಿ ಬೆಳೆದ ಬಗೆಯಿಂದ ಶುರು ಮಾಡೋಣ. ಅಕ್ಯುಮುಲೇಟರ್‌ನಲ್ಲಿ ಮೊದಲ ರೇಸು ಗೆದ್ದರೆ ಹಣ ಕೈಗೆ ಬರುವುದಿಲ್ಲ. ಅಸಲು, ಗೆಲುವು ಎರಡೂ ಸೇರಿ ಎರಡನೇ ರೇಸಿನ ಮೇಲೆ ಕೂರುತ್ತವೆ. ಅದೂ ಗೆದ್ದರೆ ಮೊತ್ತವೆಲ್ಲ ಮೂರನೆಯದಕ್ಕೆ. ನಡುವೆ ಯಾವುದಾದರೂ ಒಂದು ಕುದುರೆ ಎರಡನೇ ಸ್ಥಾನಕ್ಕೆ ಬಂದರೂ ಚೀಟಿ ಕಸದ ಬುಟ್ಟಿಗೆ.

ಒಂದು ಪೌಂಡ್ ಕಟ್ಟಿದವನ ಲೆಕ್ಕ ಅಂದು ಹೀಗೆ ಸಾಗಿತು. ಮೊದಲ ರೇಸಿನ ವಾಲ್ ಸ್ಟ್ರೀಟ್ ಕುದುರೆಯ ದರ 2/1. ಅಂದರೆ ಒಂದಕ್ಕೆ ಎರಡು ಗೆಲುವು, ಅಸಲು ಸೇರಿ 3 ಪೌಂಡ್. ಡಿಫಿಡೆಂಟ್ ಎಂಬ ಎರಡನೆಯದು 12/1ಕ್ಕೆ ಗೆದ್ದಿತು. ಮೂರು ಪೌಂಡ್ 39 ಆಯಿತು. ಅಂದಿನ ದೊಡ್ಡ ರೇಸಾದ ಕ್ವೀನ್ ಎಲಿಜಬೆತ್ II ಸ್ಟೇಕ್ಸ್‌ನಲ್ಲಿ ಮಾರ್ಕ್ ಆಫ್ ಎಸ್ಟೀಮ್ 100/30ಕ್ಕೆ ಬಂದಾಗ 169. ಆಮೇಲೆ, ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಓಡಿಸುವ ಹ್ಯಾಂಡಿಕ್ಯಾಪ್ ಎಂಬ ಬಗೆಯ ಕಿಕ್ಕಿರಿದ ರೇಸಿನಲ್ಲಿ ಡೆಕೊರೇಟೆಡ್ ಹೀರೋ 7/1ಕ್ಕೆ ಗೆದ್ದು ಅದನ್ನು 1,352 ಮಾಡಿತು. ಫೇಟ್‌ಫುಲಿ (7/4), ಲೊಚಾಂಜೆಲ್ (5/4) ಎರಡೂ ಗೆದ್ದ ಮೇಲೆ 8,365 ಪೌಂಡ್ 50 ಪೆನ್ಸ್. ಕೊನೆಯ ರೇಸಿನ ಫುಜಿಯಾಮಾ ಕ್ರೆಸ್ಟ್ 2/1ಕ್ಕೆ ಗೆದ್ದಾಗ 25,096 ಪೌಂಡ್ 50 ಪೆನ್ಸ್.

ಮೊದಲ ನಾಲ್ಕು ರೇಸುಗಳಲ್ಲಿ ಚೀಟಿಗೆ ಸೇರಿದ್ದು 1,351 ಪೌಂಡ್. ಕೊನೆಯ ಒಂದೇ ರೇಸಿನಲ್ಲಿ ಸೇರಿದ್ದು 16,731. ಇದು ಗುಣಾಕಾರದ ಗುಣ. ಆರು ಕುದುರೆ ಗೆದ್ದವನ ಹತ್ತಿರ ಎಂಟು ಸಾವಿರ ಪೌಂಡ್ ಇದ್ದಂತೆ ಕಂಡರೂ ಅದನ್ನು ಎತ್ತಿಕೊಂಡು ಮನೆಗೆ ಹೋಗುವ ದಾರಿ 1996ರಲ್ಲಿ ಇರಲಿಲ್ಲ. ಒಂದು ಪೌಂಡಿಗಿಂತ ಹೆಚ್ಚು ಕಟ್ಟಲು ಹಿಂಜರಿದವನೇ ತನಗರಿವಿಲ್ಲದೆ ಕೊನೆಯ ಕುದುರೆಯ ಮೇಲೆ ಎಂಟು ಸಾವಿರ ಕಟ್ಟಿದ್ದ. ಯಾರಾದರೂ ನಿಮ್ಮ ಕೈಯಲ್ಲಿ ಎಂಟು ಸಾವಿರ ಪೌಂಡ್ ನೋಟುಗಳನ್ನಿಟ್ಟು, ‘ಪೂರ್ತಿ ಇದೊಂದು ಕುದುರೆಯ ಮೇಲೆ ಕಟ್ಟುತ್ತೀರಾ?’ ಎಂದು ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಅಕ್ಯುಮುಲೇಟರ್ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಈಗ ಬುಕ್ಕಿಯ ಪಾಲು. ಯಾವ ಬುಕ್ಕಿಯೂ ನಿಜವಾದ ಸಂಭವಕ್ಕೆ ತಕ್ಕ ದರ ಕೊಡುವುದಿಲ್ಲ. ನಾಣ್ಯ ಚಿಮ್ಮುವುದಕ್ಕೆ ನ್ಯಾಯವಾದ ದರ ಒಂದಕ್ಕೊಂದು, ಅಂದರೆ 100 ಕಟ್ಟಿದರೆ ಅಸಲು ಸೇರಿ 200. ಬುಕ್ಕಿ ಕೊಡುವುದು ಸುಮಾರು 191. ಎರಡೂ ಕಡೆಗೆ ಸಮನಾಗಿ ಹಣ ಬಂದರೆ ಯಾವುದು ಬಿದ್ದರೂ ಅವನಿಗೆ ಉಳಿತಾಯ. ಕುದುರೆ ರೇಸಿನಲ್ಲಿ ಇದನ್ನು ಅಳೆಯುವುದೂ ಸುಲಭ. ಪ್ರತಿ ಕುದುರೆಯ ದರವನ್ನು ಅಸಲು ಸೇರಿಸಿ ಬರೆದುಕೊಂಡು 100ನ್ನು ಅದರಿಂದ ಭಾಗಿಸಿ, ಬಂದ ಅಂಕಿಗಳನ್ನೆಲ್ಲ ಕೂಡಿಸಬೇಕು. 2/1 ಇದ್ದರೆ 100ನ್ನು 3ರಿಂದ ಭಾಗಿಸಿ 33.3, 12/1 ಇದ್ದರೆ 13ರಿಂದ ಭಾಗಿಸಿ 7.7, ಹೀಗೆ. ಹೀಗೆ ಬಂದ ಒಟ್ಟು ಮೊತ್ತವನ್ನು ಪುಸ್ತಕ ಎನ್ನುತ್ತಾರೆ. ದರ ನ್ಯಾಯವಾಗಿದ್ದರೆ ಅದು 100 ಬರಬೇಕು. ನಿಜದಲ್ಲಿ 110, 115, 120 ಬರುತ್ತದೆ. ಓಡುವ ಕುದುರೆಗಳು ಹೆಚ್ಚಿದಷ್ಟೂ ಪುಸ್ತಕ ಉಬ್ಬುತ್ತದೆ. ನೂರರ ಮೇಲಿನದು ಬುಕ್ಕಿಯ ಮಾರ್ಜಿನ್.

ಒಂದೇ ರೇಸಿಗೆ ಕಟ್ಟಿದರೆ ಈ ಮಾರ್ಜಿನ್ ಒಮ್ಮೆ ತೆರಬೇಕು. ಅಕ್ಯುಮುಲೇಟರ್‌ನಲ್ಲಿ ದರಗಳು ಒಂದಕ್ಕೊಂದು ಗುಣಿಸಿಕೊಳ್ಳುವಾಗ ಮಾರ್ಜಿನ್ನೂ ಅವುಗಳ ಜೊತೆಗೇ ಗುಣಿಸಿಕೊಳ್ಳುತ್ತದೆ. ರೈತನ ಟೊಮೆಟೊ ಏಳು ದಲ್ಲಾಳಿಗಳ ಕೈ ದಾಟಿ ಬಂದರೆ, ಏಳನೆಯವನು ಹಿಂದಿನ ಆರು ಜನರ ಕಮಿಷನ್ನಿನ ಮೇಲೂ ತನ್ನ ಕಮಿಷನ್ ಹಾಕುತ್ತಾನಲ್ಲ, ಹಾಗೆ.

ಅಂದಿನ ಪ್ರತಿ ರೇಸಿನ ಪುಸ್ತಕವೂ 115 ಇತ್ತೆಂದು ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಇದು ಸಾಕು. ಒಂದು ರೇಸಿನಲ್ಲಿ ನೂರು ಪೌಂಡ್ ಕಟ್ಟಿದವನಿಗೆ ದೀರ್ಘಕಾಲದಲ್ಲಿ ಸರಾಸರಿ 87 ಪೌಂಡ್ ವಾಪಸ್. ಏಳು ರೇಸಿನ ಜೋಡಣೆಗೆ 1.15ನ್ನು ಏಳು ಸಲ ಗುಣಿಸಬೇಕು. 2.66 ಬರುತ್ತದೆ. ನೂರನ್ನು ಅದರಿಂದ ಭಾಗಿಸಿದರೆ ಸುಮಾರು 38. ಅದೇ ಕುದುರೆ, ಅದೇ ಬುಕ್ಕಿ, ಅದೇ ದರ. ಬಿಡಿಬಿಡಿಯಾಗಿ ಕಟ್ಟಿದರೆ ನೂರಕ್ಕೆ 13 ಹೋಗುತ್ತಿತ್ತು. ಪೋಣಿಸಿ ಕಟ್ಟಿದರೆ 62 ಹೋಗುತ್ತದೆ.

ಇದನ್ನೇ ಗೆದ್ದ ಚೀಟಿಗೆ ಹಿಡಿದು ನೋಡಿ. 25,096 ಪೌಂಡ್ ತಂದ ಆ ಒಂದು ಪೌಂಡಿಗೆ ನ್ಯಾಯವಾಗಿ ಬರಬೇಕಾಗಿದ್ದದ್ದು 66,700ಕ್ಕೂ ಹೆಚ್ಚು. ನಲವತ್ತು ಸಾವಿರ ಪೌಂಡ್‌ಗೂ ಹೆಚ್ಚು ಹಣ ಬುಕ್ಕಿಯ ಹತ್ತಿರವೇ ಉಳಿಯಿತು. ಆದರೂ ಗೆದ್ದವರಲ್ಲಿ ಒಬ್ಬನಾದರೂ ‘ನನಗೆ ಮೋಸವಾಯಿತು’ ಎಂದು ಗೊಣಗಿರಲಾರ. ಒಂದು ಪೌಂಡನ್ನು ಪಕ್ಕದಲ್ಲಿಟ್ಟು ನೋಡುವವನಿಗೆ ಇಪ್ಪತ್ತೈದು ಸಾವಿರ ಬೆಟ್ಟದಷ್ಟು ಕಾಣುತ್ತದೆ. 66,700 ಎಂಬ ಅಂಕಿ ಯಾವ ಚೀಟಿಯಲ್ಲೂ ಅಚ್ಚಾಗಿರುವುದಿಲ್ಲ. ಒಂದು ರೇಸಿನಲ್ಲಿ 3/1 ಕೊಡಬೇಕಾದಲ್ಲಿ 1/2 ಕೊಟ್ಟರೆ ಪಳಗಿದ ಪಂಟರ್ ಬುಕ್ಕಿಯ ಮುಖ ನೋಡಿ ನಕ್ಕು ಮುಂದೆ ಹೋಗುತ್ತಾನೆ. ಅದೇ ಪ್ರಮಾಣದ ಕಡಿತ ಏಳು ದರಗಳಲ್ಲಿ ಹಂಚಿಹೋದರೆ ಅವನ ಕಣ್ಣಿಗೂ ಬೀಳುವುದಿಲ್ಲ.

ಕೊನೆಯ ರೇಸಿನ ಕಥೆ ಇನ್ನೂ ಸ್ವಾರಸ್ಯದ್ದು. ಫುಜಿಯಾಮಾ ಕ್ರೆಸ್ಟ್ ಎರಡು ಮೈಲಿ ದೂರದ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಹೊತ್ತು ಓಡಬೇಕಿತ್ತು. ಹಿಂದಿನ ವರ್ಷ ಇದೇ ರೇಸನ್ನು ಗೆದ್ದಿದ್ದರೂ ಬೆಳಿಗ್ಗೆ ಅದರ ದರ 12/1 ಇತ್ತು. ಅಂದರೆ ಸುಮಾರು ಹದಿಮೂರರಲ್ಲಿ ಒಂದು ಸಲ ಗೆದ್ದೀತು ಎಂಬ ಅಂದಾಜು. ರೇಸು ಶುರುವಾಗುವ ಹೊತ್ತಿಗೆ ದರ 2/1ಕ್ಕೆ ಕುಸಿದಿತ್ತು. ಕುದುರೆಯ ಕಾಲಿನಲ್ಲಿ ಮಧ್ಯಾಹ್ನದೊಳಗೆ ಹೊಸ ಬಲವೇನೂ ಬಂದಿರಲಿಲ್ಲ. ಬದಲಾದದ್ದು ಬುಕ್ಕಿಗಳ ಕಷ್ಟ.

ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳಲ್ಲಿ ಮೊದಲೇ ದರ ಹಿಡಿದು ಬರೆಸದ ಚೀಟಿಗಳು ಸ್ಟಾರ್ಟಿಂಗ್ ಪ್ರೈಸ್ ಎಂಬ ದರದಲ್ಲಿ ಇತ್ಯರ್ಥವಾಗುತ್ತವೆ. ರೇಸು ಹೊರಡುವ ಕ್ಷಣದಲ್ಲಿ ಮೈದಾನದ ಬುಕ್ಕಿಗಳ ಬೋರ್ಡಿನಲ್ಲಿದ್ದ ದರವೇ ಆಗ ಸ್ಟಾರ್ಟಿಂಗ್ ಪ್ರೈಸ್. ಆರು ಕುದುರೆ ಗೆದ್ದಾದ ಮೇಲೆ ದೇಶದ ತುಂಬ ಅಂಗಡಿ ಇಟ್ಟಿದ್ದ ದೊಡ್ಡ ಕಂಪನಿಗಳಿಗೆ ಬೆವರಿಳಿಯಿತು. ಏಳನೆಯದೂ ಗೆದ್ದರೆ ತಮ್ಮ ಮೇಲೆ ಬೀಳುವ ಹೊರೆ ಅವರಿಗೆ ಗೊತ್ತಿತ್ತು. ಹಾಗಾಗಿ ಮೈದಾನಕ್ಕೆ ಹಣ ಕಳಿಸಿ ಫುಜಿಯಾಮಾ ಕ್ರೆಸ್ಟ್ ಮೇಲೆ ತಾವೇ ಸುರಿದರು. ಹಣ ಬಂದ ಹಾಗೆ ಬೋರ್ಡಿನ ದರ ಇಳಿಯಿತು, ಅದು ಇಳಿದ ಹಾಗೆ ದೇಶದ ಎಲ್ಲ ಚೀಟಿಗಳ ಕೊನೆಯ ಗುಣಕವೂ ಇಳಿಯಿತು. ಬೆಳಗಿನ 12/1 ಉಳಿದಿದ್ದರೆ ಒಂದು ಪೌಂಡಿನ ಚೀಟಿ 1,08,751 ಪೌಂಡ್ ತರುತ್ತಿತ್ತು. ಸ್ಟಾರ್ಟಿಂಗ್ ಪ್ರೈಸ್‌ನಲ್ಲಿ ಕಟ್ಟಿದವನಿಗೆ ಸಿಕ್ಕಿದ್ದು ಅದರ ಕಾಲು ಭಾಗಕ್ಕೂ ಕಡಿಮೆ. ಜೋಡಣೆಯ ಬಾಜಿಯಲ್ಲಿ ಒಂದು ಕೊಂಡಿಯ ದರ ಕೆಟ್ಟರೂ ಮೊತ್ತವೆಲ್ಲ ಅದೇ ಪ್ರಮಾಣದಲ್ಲಿ ಕೆಡುತ್ತದೆ.

ಮೈದಾನದಲ್ಲಿ ಗ್ಯಾರಿ ವಿಲ್ಟ್‌ಶೈರ್ ಎಂಬ ಬುಕ್ಕಿ ನಿಂತಿದ್ದರು. 12/1 ಇರಬೇಕಾದ ಕುದುರೆಗೆ ಜನ 2/1 ದರದಲ್ಲಿ ಹಣ ಕಟ್ಟುತ್ತಿದ್ದದ್ದನ್ನು ಕಂಡು, ಇಂಥ ಅವಕಾಶ ಜೀವಮಾನದಲ್ಲಿ ಮತ್ತೆ ಸಿಗದು ಎಂದು ಬಂದ ಬಾಜಿಗಳನ್ನೆಲ್ಲ ತೆಗೆದುಕೊಳ್ಳುತ್ತಾ ಹೋದರು. ಕೊನೆಯಲ್ಲಿ ಪ್ಯಾಟ್ ಎಡ್ಡರಿ ಸವಾರಿಯ ನಾರ್ದರ್ನ್ ಫ್ಲೀಟ್ ಒತ್ತಿಕೊಂಡು ಬಂದರೂ ಫುಜಿಯಾಮಾ ಕ್ರೆಸ್ಟ್ ಕತ್ತಿನಷ್ಟು ಅಂತರದಲ್ಲಿ ಉಳಿದುಕೊಂಡಿತು. ವಿಲ್ಟ್‌ಶೈರ್ ಹತ್ತು ಲಕ್ಷ ಪೌಂಡ್‌ಗಿಂತ ಹೆಚ್ಚು ಕಳೆದುಕೊಂಡರು, ಆ ಸಾಲ ತೀರಿಸಲು ವರ್ಷಗಳೇ ಹಿಡಿದವು. ನನ್ನ ಅಭಿಪ್ರಾಯದಲ್ಲಿ ಅಂದು ಆಸ್ಕಾಟ್‌ನಲ್ಲಿ ಸರಿಯಾದ ಲೆಕ್ಕ ಹಾಕಿದವರು ಅವರೇ. ಕೆಟ್ಟದ್ದು ಲೆಕ್ಕವಲ್ಲ, ಗಾತ್ರ. ಒಂದೇ ರೇಸಿನ ಮೇಲೆ ಬದುಕನ್ನೇ ಒಡ್ಡಿದರು. ದೊಡ್ಡ ಕಂಪನಿಗಳು ಅಷ್ಟು ಕಳೆದುಕೊಂಡೂ ಮರುದಿನ ಅಂಗಡಿ ತೆರೆದವು, ಏಕೆಂದರೆ ಅದರ ಹಿಂದಿನ ಶನಿವಾರಗಳ ಡೆಟ್ಟೋರಿ ಚೀಟಿಗಳೆಲ್ಲ ಅವರ ಪೆಟ್ಟಿಗೆಯಲ್ಲೇ ಉಳಿದಿದ್ದವು.

ಆ ಹಿಂದಿನ ಚೀಟಿಗಳ ಬಗ್ಗೆ ಯಾರೂ ಬರೆಯಲಿಲ್ಲ. ಪತ್ರಿಕೆಗಳಲ್ಲಿ ಬಂದದ್ದು ಮೋರ್‌ಕ್ಯಾಂಬ್ ಎಂಬ ಕಡಲೂರಿನ ಒಬ್ಬ ಬಡಗಿಯ ಕಥೆ. 67.58 ಪೌಂಡ್ ಕಟ್ಟಿ 5,50,823 ಪೌಂಡ್ ಗೆದ್ದವನು. ಅವನದು ಒಂದೇ ಬಾಜಿಯ ಚೀಟಿಯಾಗಿರಲಿಲ್ಲ. ಏಳು ಕುದುರೆಗಳಿಂದ ಎರಡೆರಡು, ಮೂರುಮೂರು ಹೀಗೆ ಏಳರವರೆಗೆ ಮಾಡಬಹುದಾದ 120 ಜೋಡಣೆಗಳನ್ನೂ ಒಳಗೊಂಡ ಬಾಜಿ ಅದರಲ್ಲಿತ್ತು. ಅದು ಸುದ್ದಿಯ ಕೊನೆಯ ಸಾಲಿನಲ್ಲಿ ಅಡಗಿತು, ತಲೆಬರಹದಲ್ಲಿ ಉಳಿದದ್ದು ಅರವತ್ತೇಳು ಪೌಂಡು ಐದೂವರೆ ಲಕ್ಷವಾದ ಮಾತು. 2008ರಲ್ಲಿ ಉತ್ತರ ಯಾರ್ಕ್‌ಷೈರಿನವನೊಬ್ಬ ಎಂಟು ಕುದುರೆಗಳನ್ನು ಪೋಣಿಸಿ 50 ಪೆನ್ಸಿಗೆ ಹತ್ತು ಲಕ್ಷ ಪೌಂಡ್ ಗೆದ್ದಾಗಲೂ ಇದೇ ಆಯಿತು. ಲಾಟರಿ ಅಂಗಡಿಯವನು ‘ಬಂಪರ್ ಇಲ್ಲೇ ಮಾರಾಟವಾಯಿತು’ ಎಂದು ಬೋರ್ಡು ಹಾಕುವಂತೆ ಬುಕ್ಕಿ ಕಂಪನಿಗಳು ಇಂಥ ಗೆಲುವುಗಳನ್ನು ಸಂತೋಷದಿಂದಲೇ ಸಾರುತ್ತವೆ. ಮುಂದಿನ ಶನಿವಾರ ಗೆದ್ದೆತ್ತಿನ ಬಾಲ ಹಿಡಿಯಲು ಬರುವವರ ಹಣ ಯಾವ ಕಡೆಗೆ ಹರಿಯುತ್ತದೆ ಎಂಬುದು ಅವರಿಗೆ ಗೊತ್ತು.

ಹೊಸಬರನ್ನು ದೊಡ್ಡ ಮೊತ್ತಕ್ಕಿಂತ ಗಟ್ಟಿಯಾಗಿ ಹಿಡಿಯುವುದು ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವ. ಏಳರಲ್ಲಿ ಆರು ಗೆದ್ದವನು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಳ್ಳುತ್ತಾನೆ. ‘ನನ್ನ ಲೆಕ್ಕ ಸರಿಯಿತ್ತು, ಒಂದು ಕುದುರೆ ಕೈಕೊಟ್ಟಿತು’ ಎಂಬುದು ಅವನ ವಿವರಣೆ. ಒಂದು ಕೈಕೊಡುವುದು ಅಪವಾದವಲ್ಲ, ಅದೇ ನಿಯಮ. ಇಂದಿನ ಫುಟ್‌ಬಾಲ್ ಚೀಟಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೊಸಬರು 12/1ರ ಕುದುರೆ ಹುಡುಕುವುದಿಲ್ಲ; ಗೆದ್ದೇ ಗೆಲ್ಲುತ್ತವೆ ಎನಿಸುವ ಏಳು ಬಲಿಷ್ಠ ತಂಡಗಳನ್ನು ಆರಿಸುತ್ತಾರೆ. ಪ್ರತಿಯೊಂದು ತಂಡವೂ ಹತ್ತಕ್ಕೆ ಏಳು ಸಲ ಗೆಲ್ಲುವಂಥದ್ದು ಎಂದುಕೊಳ್ಳಿ. ಏಳೂ ಒಟ್ಟಿಗೆ ಗೆಲ್ಲುವ ಸಂಭವ ನೂರಕ್ಕೆ ಎಂಟು ಮಾತ್ರ. ಹನ್ನೆರಡು ಚೀಟಿಗಳಲ್ಲಿ ಒಂದು ಬಂದರೆ ಬಂತು.

ದರದ ಕಡೆಗೆ ಬಂದರೆ, ಇಂಥ ತಂಡಕ್ಕೆ ನ್ಯಾಯವಾದ ದರ ಅಸಲು ಸೇರಿ 1.43. ಬುಕ್ಕಿ 1.35 ಕೊಡುತ್ತಾನೆ ಎನ್ನೋಣ. ಒಂದೇ ಪಂದ್ಯಕ್ಕೆ ನೂರು ರೂಪಾಯಿಯಲ್ಲಿ ಐದೂವರೆ ಹೋಗುತ್ತದೆ, ಯಾರೂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಏಳನ್ನು ಪೋಣಿಸಿದರೆ ಚೀಟಿ ನೂರಕ್ಕೆ 817 ಕೊಡುತ್ತೇನೆ ಎನ್ನುತ್ತದೆ. ನ್ಯಾಯವಾಗಿ 1,214 ಕೊಡಬೇಕು. ಸರಾಸರಿ ತೆಗೆದರೆ ನೂರರಲ್ಲಿ 33 ಬುಕ್ಕಿಗೆ. ಐದೂವರೆ ಮೂವತ್ತಮೂರಾದದ್ದಕ್ಕೆ ಬುಕ್ಕಿ ಏನೂ ಮಾಡಲಿಲ್ಲ. ಪೋಣಿಸುವ ಕೆಲಸವನ್ನು ಗಿರಾಕಿಯೇ ಮಾಡಿಕೊಟ್ಟ. ಅಮೆರಿಕದ ನೆವಾಡಾ ರಾಜ್ಯದ ಕ್ಯಾಸಿನೋಗಳ ಲೆಕ್ಕಪತ್ರವೂ ಇದನ್ನೇ ಹೇಳುತ್ತದೆ. ಬಿಡಿ ಫುಟ್‌ಬಾಲ್ ಬಾಜಿಗಳಲ್ಲಿ ಕ್ಯಾಸಿನೋಗಳಿಗೆ ಉಳಿಯುವುದು ನೂರು ಡಾಲರಿಗೆ ಐದರ ಆಸುಪಾಸು, ಪಾರ್ಲೆ ಕಾರ್ಡುಗಳಲ್ಲಿ ಮೂವತ್ತರ ಆಸುಪಾಸು.

ಈಗ ಅರ್ಧದಲ್ಲೇ ಹಣ ಎತ್ತಿಕೊಳ್ಳುವ ‘ಕ್ಯಾಷ್ ಔಟ್’ ಗುಂಡಿ ಬಂದಿದೆ. 1996ರ ಪಂಟರ್‌ಗೆ ಇಲ್ಲದ ದಾರಿ ಇದು, ನಿಜ. ಆದರೆ ಆ ಕ್ಷಣದ ಚೀಟಿಯ ಬೆಲೆ ಕಟ್ಟುವವನೂ ಬುಕ್ಕಿಯೇ. ಅಲ್ಲಿಯೂ ಅವನ ಮಾರ್ಜಿನ್ ಇರುತ್ತದೆ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಗುಣಾಕಾರಕ್ಕೆ ಪಕ್ಷಪಾತವಿಲ್ಲ. ಪ್ರತಿ ಕೊಂಡಿಯಲ್ಲೂ ನ್ಯಾಯವಾದುದಕ್ಕಿಂತ ಹೆಚ್ಚಿನ ದರ ಸಿಕ್ಕಿದ್ದರೆ ಆ ಲಾಭವೂ ಹೀಗೆಯೇ ಗುಣಿಸಿ ಬೆಳೆಯುತ್ತದೆ. ಅಂಥವರು ಬೆರಳೆಣಿಕೆಯಷ್ಟು, ಅಂಥವರ ಖಾತೆಗೆ ಬುಕ್ಕಿ ಕಂಪನಿಗಳು ಬೇಗನೆ ಮಿತಿ ಹಾಕುತ್ತವೆ. ಒಂದರ ಫಲಿತಾಂಶ ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ಗುಣಿಸಿದ ದರವೇ ತಪ್ಪಾಗುತ್ತದೆ. ‘ಈ ತಂಡ ಗೆಲ್ಲುತ್ತದೆ’, ‘ಈ ತಂಡ ಮೂರು ಗೋಲು ಅಂತರದಲ್ಲಿ ಗೆಲ್ಲುತ್ತದೆ’ ಎಂಬೆರಡನ್ನು ಸುಮ್ಮನೆ ಗುಣಿಸಲು ಬುಕ್ಕಿ ಬಿಡುವುದಿಲ್ಲ. ಡೆಟ್ಟೋರಿಯ ಏಳು ರೇಸುಗಳನ್ನು ಮಾತ್ರ ಅವರು ಬೇರೆಬೇರೆ ಎಂದೇ ಗುಣಿಸಿದ್ದರು. ಅದೇ ಜಾಕಿ, ಅದೇ ನೆಲ, ಕೆಲವು ಕುದುರೆಗಳು ಒಂದೇ ಗೊಡಾಲ್ಫಿನ್ ಲಾಯದವು. ಒಂದು ಗೆದ್ದರೆ ಮುಂದಿನದಕ್ಕೂ ಕೊಂಚ ಬಲ ಬರುವುದು ಸಾಧ್ಯವಿತ್ತು. ಆ ಕೊಂಚ ಎಷ್ಟಿತ್ತೋ, ಎರಡೂವರೆ ಪಟ್ಟು ಕಡಿತವನ್ನು ತುಂಬುವಷ್ಟು ಇತ್ತೆಂದು ನಾನಂತೂ ನಂಬಲಾರೆ.

ಬೆಂಗಳೂರು, ಮೈಸೂರು ರೇಸುಗಳಿಗೆ ಹೋದವರಿಗೆ ಇದೆಲ್ಲ ಜಾಕ್‌ಪಾಟ್ ಟಿಕೆಟಿನಂತೆ ಕೇಳಿಸಬಹುದು. ಅದರಲ್ಲೂ ಸಾಲು ರೇಸುಗಳ ವಿಜೇತರನ್ನು ಒಂದೇ ಟಿಕೆಟಿನಲ್ಲಿ ಗುರುತಿಸಬೇಕು. ಒಳಗಿನ ಯಂತ್ರ ಮಾತ್ರ ಬೇರೆ. ಜಾಕ್‌ಪಾಟ್ ನಡೆಯುವುದು ಟೋಟ್‌ನಲ್ಲಿ. ಎಲ್ಲರ ಹಣವೂ ಒಂದೇ ಗುಡ್ಡೆಗೆ ಬೀಳುತ್ತದೆ, ಅದರಿಂದ ಕ್ಲಬ್ಬಿನ ಮತ್ತು ಸರ್ಕಾರದ ಪಾಲನ್ನು ಒಂದು ಸಲ ತೆಗೆಯುತ್ತಾರೆ, ಉಳಿದದ್ದು ಗೆದ್ದವರಿಗೆ ಹಂಚಿಕೆ. ರೇಸು ಐದಿದ್ದರೂ ಕಡಿತ ಒಂದೇ. ಆ ಕಡಿತ ದೊಡ್ಡದಿರಬಹುದು, ಗೆದ್ದರೆ ಎಷ್ಟು ಎಂಬುದು ರೇಸು ಮುಗಿಯುವವರೆಗೆ ಗೊತ್ತಾಗದಿರಬಹುದು, ಆದರೆ ಅದು ರೇಸಿನಿಂದ ರೇಸಿಗೆ ಗುಣಿಸಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ಪಂದ್ಯಗಳನ್ನು ಪೋಣಿಸಿ ಕಟ್ಟಿಸಿಕೊಳ್ಳುವ ಆ್ಯಪ್‌ಗಳು ಬುಕ್ಕಿ ಮಾದರಿಯವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾಯ್ದೆ ನಿಷೇಧಿಸಿದೆ. ಹೊರದೇಶದಿಂದ ನಡೆಯುವ ಆ್ಯಪ್ ಗೆದ್ದ ಹಣ ಕೊಡದಿದ್ದರೆ ದೂರು ಒಯ್ಯಲು ಗಿರಾಕಿಗೆ ಜಾಗವೂ ಇಲ್ಲ.

ಕಾನೂನುಬದ್ಧವಾಗಿ ಬಾಜಿ ನಡೆಯುವ ದೇಶಗಳಲ್ಲಿರುವ ಕನ್ನಡಿಗರ ಕೈಗೆ ಇಂಥ ಚೀಟಿ ಬಂದರೆ ಕಡಿತವನ್ನು ಅಳೆಯಲು ಫೋನಿನ ಕ್ಯಾಲ್ಕುಲೇಟರ್ ಸಾಕು. ಫುಟ್‌ಬಾಲ್ ಪಂದ್ಯವಾದರೆ ಗೆಲುವು, ಡ್ರಾ, ಸೋಲು ಮೂರರ ದರವನ್ನೂ ತೆಗೆದುಕೊಂಡು 1ನ್ನು ಒಂದೊಂದರಿಂದ ಭಾಗಿಸಿ ಕೂಡಿಸಬೇಕು. 1.05ರಿಂದ 1.08ರವರೆಗೆ ಏನೋ ಒಂದು ಅಂಕಿ ಬರುತ್ತದೆ. ಚೀಟಿಯಲ್ಲಿರುವ ಪ್ರತಿ ಪಂದ್ಯಕ್ಕೂ ಹೀಗೆ ಮಾಡಿ, ಬಂದ ಅಂಕಿಗಳನ್ನು ಗುಣಿಸಿ, ಆ ಗುಣಲಬ್ಧದಿಂದ ಚೀಟಿ ತೋರಿಸುವ ದೊಡ್ಡ ಮೊತ್ತವನ್ನೂ ಗುಣಿಸಬೇಕು. ನ್ಯಾಯವಾಗಿ ಸಿಗಬೇಕಾಗಿದ್ದ ಮೊತ್ತ ಸುಮಾರಾಗಿ ಅದು. ಆ್ಯಪ್‌ನ ಪರದೆಯ ಮೇಲೆ ಈ ಎರಡನೇ ಅಂಕಿಗೆ ಜಾಗವಿರುವುದಿಲ್ಲ.